ಹದಿಮೂರು ‘ತಕ್ಕದ್ದು’

ಗುರುವಾರ, 21 ನವೆಂಬರ್ 2024

ಬೆಳಿಗ್ಗೆ ಪೀಣ್ಯದ ಒಂದು ಕಾರ್ಖಾನೆಗೆ, ಅವರ ಕೆಲಸದ ಜಾಹೀರಾತು ತಿದ್ದಿ ಬರೆದುಕೊಡಲು ಹೋಗಿದ್ದೆ. ನೂರಾನಲವತ್ತು ಜನರ ಕಂಪನಿ, ಪಂಪ್‌ಗಳಿಗೆ ಶಾಫ್ಟು, ಬುಷ್ಷು ಮಾಡಿಕೊಡುತ್ತಾರೆ. ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಸಿಎನ್‌ಸಿ ಲೇತ್‌ಗೆ ಇಬ್ಬರು ಸೆಟ್ಟರ್‌ಗಳು, ಅಂದರೆ ಮಷೀನನ್ನು ಕೆಲಸಕ್ಕೆ ಹೊಂದಿಸುವವರು, ಬೇಕಾಗಿದ್ದರು. ಜಾಹೀರಾತು ಹಾಕಿ ಎರಡು ತಿಂಗಳಾಗಿತ್ತು. ಕೆಲಸ ಗೊತ್ತಿರುವವನು ಒಬ್ಬನೇ ಬಂದಿದ್ದನಂತೆ, ಅವನೂ ಸೇರಲಿಲ್ಲ.

ಜಾಹೀರಾತಿನ ಕೆಲವು ಸಾಲು ಹೀಗಿದ್ದವು: ‘ಅಭ್ಯರ್ಥಿಯು ಡಿಪ್ಲೊಮಾ ಹೊಂದಿರತಕ್ಕದ್ದು. ಕನಿಷ್ಠ 5 ವರ್ಷಗಳ ಅನುಭವವಿರತಕ್ಕದ್ದು. ಯಾವುದೇ ಪಾಳಿಗೆ ಸಿದ್ಧರಿರತಕ್ಕದ್ದು. ಒತ್ತಡದಲ್ಲಿ ಕೆಲಸ ಮಾಡತಕ್ಕದ್ದು. ಸಂಬಳ ಅರ್ಹತೆಗೆ ತಕ್ಕಂತೆ.’ ಪೂರ್ತಿ ಜಾಹೀರಾತಿನಲ್ಲಿ ಎಣಿಸಿದೆ. ಒಟ್ಟು ಹದಿಮೂರು ತಕ್ಕದ್ದು. ಕೆಲಸಕ್ಕೆ ಕರೆದಂತಿರಲಿಲ್ಲ, ಕೋರ್ಟಿನಿಂದ ಸಮನ್ಸ್ ಬಂದಂತಿತ್ತು.

ಮಾಲೀಕರ ಹತ್ತಿರ ಕೂರುವ ಮೊದಲು ಶಾಪ್‌ಫ್ಲೋರಿಗೆ ಇಳಿದೆ. ಅಲ್ಲಿನ ಸೂಪರ್‌ವೈಸರ್‌ಗೆ ಪಟ್ಟಿ ಕೊಟ್ಟು, ‘ಸಾರ್, ನಿಮ್ಮ ಈಗಿನ ಒಳ್ಳೆಯ ಸೆಟ್ಟರ್‌ಗಳು ಸೇರಿದ ದಿನ ಇದರಲ್ಲಿ ಎಷ್ಟು ಗೊತ್ತಿತ್ತು?’ ಅಂತ ಕೇಳಿದೆ. ಅವರು ಪೆನ್ನು ತೆಗೆದು ಹೊಡೆಯುತ್ತಾ ಹೋದರು. ಕೊನೆಗೆ ಮೂರು ಉಳಿದವು. ಡ್ರಾಯಿಂಗ್ ಓದಬೇಕು. ಮೈಕ್ರೋಮೀಟರ್ ಹಿಡಿದು ಅಳತೆ ತೆಗೆಯಬೇಕು. ಲೋಹ ಕತ್ತರಿಸುವ ತುದಿ, ಅಂದರೆ ಇನ್ಸರ್ಟ್, ಸವೆದಾಗ ಮಷೀನಿನಲ್ಲಿ ಆಫ್‌ಸೆಟ್ ಅನ್ನುವ ಅಂಕಿ ಸರಿಮಾಡಿ ಮತ್ತೆ ಅಳತೆಗೆ ತರಬೇಕು. ‘ಪ್ರೋಗ್ರಾಂ ಬರೆಯೋದು ನಾವೇ ಕಲಿಸ್ತೀವಿ’ ಅಂದರು. ಅವರ ಅತ್ಯುತ್ತಮ ಸೆಟ್ಟರ್ ಐಟಿಐ ಓದಿದವನು, ಸೇರುವಾಗ ಅನುಭವ ಎರಡೇ ವರ್ಷ. ಅಂದರೆ ಅವರ ಜಾಹೀರಾತು ಅವರ ಅತ್ಯುತ್ತಮ ಹುಡುಗನನ್ನೇ ಬಾಗಿಲಲ್ಲಿ ತಡೆಯುತ್ತಿತ್ತು!

ಆಮೇಲೆ ಟೀ ಹೊತ್ತಿನಲ್ಲಿ ಆ ಹುಡುಗನನ್ನೇ ಮಾತಾಡಿಸಿದೆ. ಬೇರೆ ಕಡೆ ಯಾಕೆ ಹೋಗಿಲ್ಲ? ‘ಸಂಬಳ ಐದನೇ ತಾರೀಕು ಬರುತ್ತೆ ಮೇಡಂ, ಒಂದು ಸಲಾನೂ ತಪ್ಪಿಲ್ಲ. ಓಟಿಗೆ ಡಬಲ್ ಲೆಕ್ಕ ಹಾಕ್ತಾರೆ. ಮತ್ತೆ ಇನ್ಶೂರೆನ್ಸ್.’ ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ತಿಂಗಳ ಸಂಬಳ 21,000 ದಾಟಿದರೆ ಕಾರ್ಮಿಕರಿಗಿರುವ ಸರ್ಕಾರಿ ಆರೋಗ್ಯ ವಿಮೆ ಇಎಸ್‌ಐ ಇರುವುದಿಲ್ಲ. ಸಂಬಳ ಜಾಸ್ತಿ ಆಯ್ತು ಅಂತ ಖುಷಿಪಡುವ ಹೊತ್ತಿಗೆ ಅಪ್ಪ-ಅಮ್ಮನ ಆಸ್ಪತ್ರೆ ಖರ್ಚು ತಲೆಮೇಲೆ ಬರುತ್ತೆ. ಈ ಕಂಪನಿ ಅಂಥವರಿಗೆ ತಂದೆ-ತಾಯಿಯನ್ನೂ ಸೇರಿಸಿ ಗ್ರೂಪ್ ಪಾಲಿಸಿ ಮಾಡಿಸಿದೆ. ಜಾಹೀರಾತಿನಲ್ಲಿ ಅದರ ಸುಳಿವೇ ಇರಲಿಲ್ಲ.

ಮಧ್ಯಾಹ್ನ ಕೂತು ಬರೆದದ್ದು:

‘ಐಟಿಐ ಮುಗಿಸಿ ಒಂದೆರಡು ವರ್ಷ ಸಿಎನ್‌ಸಿ ಲೇತ್ ಓಡಿಸಿದ್ದೀರಾ? ಡ್ರಾಯಿಂಗ್ ಓದಿ, ಮೈಕ್ರೋಮೀಟರ್‌ನಲ್ಲಿ ಅಳತೆ ತೆಗೆದು, ಆಫ್‌ಸೆಟ್ ಸರಿಮಾಡಲು ಬಂದರೆ ಸಾಕು. ಪ್ರೋಗ್ರಾಂ ಬರೆಯುವುದನ್ನು ನಾವು ಕಲಿಸುತ್ತೇವೆ. ಸಂಬಳ 23,000ದಿಂದ 27,000, ಪ್ರತಿ ತಿಂಗಳು 5ಕ್ಕೆ. ಓಟಿಗೆ ಎರಡರಷ್ಟು. ಇಎಸ್‌ಐ ದಾಟಿದವರಿಗೆ ತಂದೆ-ತಾಯಿಗೂ ಸೇರಿ ಆರೋಗ್ಯ ವಿಮೆ. ಮೂರು ವಾರಕ್ಕೊಮ್ಮೆ ಒಂದು ವಾರ ರಾತ್ರಿ ಪಾಳಿ ಇರುತ್ತದೆ.’

ಮಾಲೀಕರಿಗೆ ಎರಡು ಕಡೆ ಮುಳ್ಳು ಚುಚ್ಚಿತು. ಮೊದಲನೆಯದು ರಾತ್ರಿ ಪಾಳಿ. ‘ಅದನ್ನ ಯಾಕೆ ಹಾಕ್ತೀರಾ, ಬಂದ ಮೇಲೆ ಹೇಳೋಣ’ ಅಂದರು. ಬಂದ ಮೇಲೆ ಹೇಳಿದ್ದಕ್ಕೇ ಆ ಒಬ್ಬ ಹೋದದ್ದು ಅಂತ ಸೂಪರ್‌ವೈಸರ್ ನೆನಪಿಸಿದರು. ಆ ಸಾಲು ಉಳಿಯಿತು. ಬದಲಿಗೆ ‘ನಮ್ಮದು ಒಂದು ಕುಟುಂಬ’ ಅಂತ ಸೇರಿಸಿ ಅಂದರು ಮಾಲೀಕರು. ಸೇರಿಸಲಿಲ್ಲ. ಓಟಿ ದುಡ್ಡು ಕೊಡದ ಕಂಪನಿಗಳೂ ಅದನ್ನೇ ಹಾಕುತ್ತವೆ, ಅಲ್ವಾ?

ಎರಡನೆಯದು ಸಂಬಳ. ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಂಕಿ ಹಾಕಿದರೆ ಪಕ್ಕದ ಕಾರ್ಖಾನೆಯವರು ನೋಡ್ತಾರೆ ಅಂದರು ಮೊದಲು. ನಿಜವಾದ ಕಾರಣ ಆಮೇಲೆ ಹೊರಬಂತು. ಈಗಿರುವ ಸೆಟ್ಟರ್‌ಗಳಲ್ಲಿ ಇಬ್ಬರಿಗೆ 21,500. ನಾಳೆ ಈ ಜಾಹೀರಾತು ಅವರ ಫೋನಿಗೇ ಬರುತ್ತೆ. ಹೊಸಬನಿಗೆ ತನಗಿಂತ ಜಾಸ್ತಿ ಅಂತ ಗೊತ್ತಾದರೆ ಇಬ್ಬರನ್ನು ತರಲು ಹೋಗಿ ಇಬ್ಬರನ್ನು ಕಳೆದುಕೊಂಡಂತೆ. ಕೆಳಗಿನ ಅಂಕಿಯನ್ನು 21,500ಕ್ಕೆ ಇಳಿಸೋಣ ಅಂದರು. ಆ ದುಡ್ಡಿಗೆ ನೀವು ನಿಜವಾಗಿ ಯಾರನ್ನಾದರೂ ತೆಗೆದುಕೊಳ್ಳುತ್ತೀರಾ ಅಂತ ಕೇಳಿದೆ. ಇಲ್ಲ, ಬಂದವನಿಗೆ 23 ಕೊಡಲೇಬೇಕು ಅಂತ ಅವರೇ ಒಪ್ಪಿದರು. ಹಾಗಿದ್ದರೆ ಮುಚ್ಚಿಟ್ಟು ಆಗುವುದೇನು, ಮೊದಲ ಪೇ ಸ್ಲಿಪ್ ಬಂದಾಗ ಎಲ್ಲರಿಗೂ ತಿಳಿಯುತ್ತೆ.

ಕ್ಯಾಲ್ಕುಲೇಟರ್ ತೆಗೆದರು. ಇಬ್ಬರಿಗೂ ಒಂದೂವರೆ ಸಾವಿರ ಏರಿಸಿದರೆ ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ 36,000. ಪಿಎಫ್, ಬೋನಸ್ ಬೇರೆ. ಮಷೀನು ಒಂದು ಪಾಳಿ ಖಾಲಿ ನಿಂತರೆ ಎಷ್ಟು ಹೋಗುತ್ತೆ ಅನ್ನುವುದನ್ನು ಅವರೇ ಪಕ್ಕದಲ್ಲಿ ಬರೆದುಕೊಂಡರು, ನನಗೆ ತೋರಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತು, ಅಕೌಂಟ್ಸ್‌ನವರನ್ನು ಕರೆದರು.

ಈ ತಿಂಗಳಿಂದಲೇ ಆ ಇಬ್ಬರಿಗೆ 23,000. ಅವರಿಗೆ ಪತ್ರ ಕೈಸೇರಿದ ಮೇಲೆ, ಸೋಮವಾರ ಜಾಹೀರಾತು ಹೊರಡುತ್ತೆ. ಫೋನ್ ಮಾಡಬೇಕಾದ ಹೊತ್ತು ಸಂಜೆ ಐದರಿಂದ ಏಳು ಅಂತ ಹಾಕಿದ್ದೇವೆ. ಬೇರೆ ಕಡೆ ಕೆಲಸದಲ್ಲಿರುವ ಹುಡುಗ ಹಗಲಲ್ಲಿ ಮಷೀನ್ ಮುಂದೆ ನಿಂತು ಹೇಗೆ ಮಾತಾಡುತ್ತಾನೆ?