ಮಂಜಾದ ಫೋಟೊದಿಂದ ಅಕ್ಷರ ತೆಗೆಯುವ ಮೊದಲು ಪಿಕ್ಸೆಲ್ ಲೆಕ್ಕ ಹಾಕಿ

ಹಳೆಯ ಕಾಗದಪತ್ರಗಳನ್ನು ಟೈಪ್ ಮಾಡಿಕೊಡುವ ಸಣ್ಣ ಆಫೀಸು ನಮ್ಮದು. ಸ್ಕ್ಯಾನ್ ಮಾಡಿದ ಪುಟ ಬಂದರೆ ಕೆಲಸ ಸಲೀಸು. ಆದರೆ ಜಾಸ್ತಿ ಬರುವುದು ವಾಟ್ಸ್ಆಪ್‌ನಲ್ಲಿ ಕಳಿಸಿದ ಮೊಬೈಲ್ ಫೋಟೊ. "ಸ್ವಲ್ಪ ಮಂಜಾಗಿದೆ, ಕ್ಲಿಯರ್ ಮಾಡ್ಕೊಳ್ಳಿ ಸಾರ್" ಎಂಬ ಮಾತೂ ಜೊತೆಗೆ ಬರುತ್ತದೆ. ಹೊಸದಾಗಿ ಸೇರಿದವರು ತಕ್ಷಣ ಶಾರ್ಪನ್ ಒತ್ತುತ್ತಾರೆ. ನಾನು ಮೊದಲು ಕ್ಯಾಲ್ಕ್ಯುಲೇಟರ್ ತೆಗೆಯುತ್ತೇನೆ.

ಈಚೆಗೆ ಒಂದು ಸಹಕಾರ ಸಂಘದ ಹಳೆಯ ಪಟ್ಟಿ ಬಂತು. ಅಚ್ಚಾದ ಕನ್ನಡ: ಸದಸ್ಯರ ಹೆಸರು, ಸರ್ವೆ ನಂಬರ್, ಜಮೀನಿನ ವಿಸ್ತೀರ್ಣ. ಫೋಟೊದ ಅಗಲ 1200 ಪಿಕ್ಸೆಲ್, ಅದರಲ್ಲಿ ಪುಟ ಇದ್ದದ್ದು ಸುಮಾರು 1000. ಎ4 ಹಾಳೆಯ ಅಗಲ 8.27 ಇಂಚು. ಭಾಗಿಸಿದರೆ ಇಂಚಿಗೆ ಸುಮಾರು 120 ಪಿಕ್ಸೆಲ್. ಅಕ್ಷರ ಓದುವ ಸಾಫ್ಟ್‌ವೇರ್‌ಗೆ 300ರ ಆಸುಪಾಸು ಇದ್ದರೆ ಹಿತ. ಇಲ್ಲಿ 10 ಪಾಯಿಂಟ್ ಅಕ್ಷರಕ್ಕೆ ಸಿಕ್ಕಿದ್ದು ಮೇಲಿಂದ ಕೆಳಗಿನವರೆಗೆ 17 ಪಿಕ್ಸೆಲ್ ಅಷ್ಟೇ. ಮೇಲಿನ ಗುಣಿತದ ಗುರುತು, ಕೆಳಗಿನ ಒತ್ತಕ್ಷರ ಎಲ್ಲ ಅಷ್ಟರಲ್ಲೇ ಹಿಡಿಯಬೇಕು. ಧ, ಭ ಅಕ್ಷರಗಳ ಹೊಟ್ಟೆ ಸೀಳು ಒಂದು ಪಿಕ್ಸೆಲ್ ಕೂಡ ಇರಲಿಲ್ಲ. ಇಂಗ್ಲಿಷ್ ಓದಿಕೊಳ್ಳುವಷ್ಟು ಸ್ಪಷ್ಟವಾದ ಫೋಟೊದಲ್ಲೂ ಕನ್ನಡ ಕೈಕೊಡುವುದು ಇದಕ್ಕೇ.

ಆಮೇಲೆ ಒಂದು ಪೂರ್ಣವಿರಾಮವನ್ನೋ ಅನುಸ್ವಾರವನ್ನೋ ದೊಡ್ಡದು ಮಾಡಿ ನೋಡುತ್ತೇನೆ. ಚುಕ್ಕೆ ದುಂಡಗೆ ಹರಡಿದ್ದರೆ ಫೋಕಸ್ ತಪ್ಪಿದೆ. ಒಂದೇ ದಿಕ್ಕಿಗೆ ಗೀಟಿನಂತೆ ಎಳೆದಿದ್ದರೆ ಕೈ ಅಲುಗಿದೆ. ಫೋಕಸ್ ಅಲ್ಪಸ್ವಲ್ಪ ತಪ್ಪಿದ್ದರೆ ಹಗುರವಾಗಿ ಶಾರ್ಪನ್ ಮಾಡಬಹುದು. ಕೈ ಅಲುಗಿದ ಫೋಟೊಗೆ ಅದು ಸುಮ್ನೆ ಪ್ರತಿ ಗೆರೆಗೂ ಇನ್ನೊಂದು ಅಂಚು ಹುಟ್ಟಿಸುತ್ತದೆ. ಮಸುಕನ್ನು ಹಿಂದಕ್ಕೆ ತಿರುಗಿಸುವ ಲೆಕ್ಕಗಳೂ ಇವೆ, ನಿಜ. ಆದರೆ ಜೆಪೆಗ್ ಒತ್ತಿ ಕುಗ್ಗಿಸಿದ ಚಿತ್ರದಲ್ಲಿ ಅವು ಅಕ್ಷರಕ್ಕಿಂತ ಕಸವನ್ನೇ ಹೆಚ್ಚು ಎದ್ದು ಕಾಣಿಸುತ್ತವೆ.

ಈ ಪಟ್ಟಿಯಲ್ಲಿ ಚುಕ್ಕೆ ದುಂಡಗೇ ಇತ್ತು, ಪುಟದ ಒಂದು ಬದಿಗೆ ಕೈಯ ನೆರಳು ಬಿದ್ದಿತ್ತು. ಮಾಡಿದ್ದು ಇಷ್ಟೇ:

```python
import cv2
g = cv2.imread("p.jpg", 0)
g = cv2.resize(g, None, fx=2.5, fy=2.5,
               interpolation=cv2.INTER_CUBIC)
bg = cv2.medianBlur(g, 71)
g = cv2.divide(g, bg, scale=255)
cv2.imwrite("p2.png", g)
```

ಎರಡೂವರೆ ಪಟ್ಟು ದೊಡ್ಡದು ಮಾಡಿದರೆ 120 ಹೋಗಿ 300 ಆಗುತ್ತದೆ. ಹೊಸ ಮಾಹಿತಿಯೇನೂ ಸೇರುವುದಿಲ್ಲ, ಸಾಫ್ಟ್‌ವೇರ್‌ಗೆ ಅಭ್ಯಾಸವಿರುವ ಅಳತೆಗೆ ಅಕ್ಷರ ಬರುತ್ತದೆ ಅಷ್ಟೇ. ಮುಂದಿನ ಎರಡು ಸಾಲು ನೆರಳಿಗೆ. ಅಕ್ಷರಕ್ಕಿಂತ ದೊಡ್ಡ ಕಿಟಕಿಯಲ್ಲಿ, ಅಂದರೆ ಅಷ್ಟಗಲದ ಪಿಕ್ಸೆಲ್ ಚೌಕದಲ್ಲಿ, ಮಸುಕು ಮಾಡಿದರೆ ಅಕ್ಷರ ಅಳಿಸಿ ಬರೀ ಕಾಗದದ ಬಣ್ಣ ಉಳಿಯುತ್ತದೆ. ಅದರಿಂದ ಭಾಗಿಸಿದಾಗ ನೆರಳು ಹೋಗುತ್ತದೆ. ಇಲ್ಲಿ ಅಕ್ಷರ ಈಗ 42 ಪಿಕ್ಸೆಲ್, ಆದ್ದರಿಂದ ಕಿಟಕಿ 71. ಅಪ್ಪಟ ಕಪ್ಪು ಬಿಳುಪು ಮಾಡುವುದಿದ್ದರೆ ಕೊನೆಗೆ ಮಾಡಬೇಕು. ಮೊದಲೇ ಮಾಡಿದರೆ ಅಂಚಿನ ಬೂದು ಛಾಯೆ ಹೋಗಿಬಿಡುತ್ತದೆ, ಸಣ್ಣ ಅಕ್ಷರದ ಆಕಾರ ಇರುವುದೇ ಅದರಲ್ಲಿ. ನಂತರ ಟೆಸರಾಕ್ಟ್ ಎಂಬ ಅಕ್ಷರ ಓದುವ ಸಾಫ್ಟ್‌ವೇರ್‌ನಿಂದ ಓದಿಸಿದ್ದು ಹೀಗೆ:

```
tesseract p2.png out -l kan+eng --psm 6
```

ಹೆಸರುಗಳು ಬಹುಪಾಲು ಬಂದವು. 'ಮಾದವ' ಎಂದು ಬಂದದ್ದನ್ನು 'ಮಾಧವ' ಎಂದು ತಿದ್ದಲು ಕಷ್ಟವಿಲ್ಲ, ಪದವೇ ಹೇಳುತ್ತದೆ. ಪೇಚಿಗೆ ಸಿಕ್ಕಿಸುವುದು ಅಂಕಿಗಳು. ವಿಸ್ತೀರ್ಣದ ಕಾಲಂನಲ್ಲಿ ಒಂದು ಕಡೆ '2 ಎಕರೆ 88 ಗುಂಟೆ' ಎಂದು ಬಂದಿತ್ತು. ಎಕರೆಗೆ ಇರುವುದೇ 40 ಗುಂಟೆ, ಹಾಗಾಗಿ ಗುಂಟೆ 39 ದಾಟುವಂತಿಲ್ಲ. ಅದು 38 ಇರಬೇಕು ಎಂದುಕೊಂಡು ಪುಟದ ಕೆಳಗಿನ ಒಟ್ಟು ಮೊತ್ತಕ್ಕೆ ತಾಳೆ ನೋಡಿದೆವು, ಸರಿಹೋಯಿತು.

ಸರ್ವೆ ನಂಬರಿಗೆ ಇಂಥ ಆಸರೆ ಇಲ್ಲ. ಒಂದು ಸಾಲಿನಲ್ಲಿದ್ದದ್ದು 86/3 ಇರಬಹುದು, 88/3 ಇರಬಹುದು. ಮೊತ್ತವಿಲ್ಲ, ಮಿತಿಯಿಲ್ಲ, ಎರಡೂ ಸಹಜವಾಗೇ ಕಾಣುತ್ತವೆ. ನಮ್ಮ ಹುಡುಗನೊಬ್ಬ ಆ ಸಾಲನ್ನು ಚಿತ್ರ ದೊಡ್ಡದು ಮಾಡುವ ಎಐ ಆ್ಯಪ್‌ಗೆ ಹಾಕಿ, "ಅಣ್ಣಾ, 88 ಅಂತ ಎಷ್ಟು ಕ್ಲಿಯರ್ ಆಗಿದೆ ನೋಡಿ" ಅಂದ. ಕ್ಲಿಯರ್ ಆಗಿತ್ತು, ಸರಿ. ಆದರೆ ಅಂಥ ಆ್ಯಪ್ ಇಲ್ಲದ ಗೆರೆಯನ್ನು ತಾನು ಕಲಿತ ಚಿತ್ರಗಳ ಪ್ರಕಾರ ಊಹಿಸಿ ಬರೆಯುತ್ತದೆ. ನಾನು ಅದೇ ಸಾಲನ್ನು ಎರಡು ಪಿಕ್ಸೆಲ್ ಅಂಚು ಬಿಟ್ಟು ಕತ್ತರಿಸಿ ಮತ್ತೆ ಹಾಕಲು ಹೇಳಿದೆ. ಈ ಸಲ 86 ಬಂತು, ಅಷ್ಟೇ ಕ್ಲಿಯರ್! ಮೂಲದಲ್ಲಿ ಗುರುತು ಇದ್ದಿದ್ದರೆ ಉತ್ತರ ಹೀಗೆ ಓಲಾಡುತ್ತಿರಲಿಲ್ಲ, ಅಲ್ವಾ?

ಆ ಅಂಕಿಯನ್ನು '8[?]/3' ಎಂದೇ ಬಿಟ್ಟು ಸಂಘದವರಿಗೆ ಫೋನ್ ಮಾಡಿದೆವು. ಅರ್ಧರ್ಧ ಪುಟವಾಗಿ, ಕಿಟಕಿಯ ಬೆಳಕಲ್ಲಿ ತೆಗೆದು, ಫೋಟೊ ಅಂತಲ್ಲದೆ ಡಾಕ್ಯುಮೆಂಟ್ ಅಂತ ಕಳಿಸಿ ಎಂದೆವು. ಹಾಗೆ ಕಳಿಸಿದರೆ ವಾಟ್ಸ್ಆಪ್ ಚಿತ್ರವನ್ನು ಕುಗ್ಗಿಸುವುದಿಲ್ಲ. ಸಂಜೆಗೆ ಬಂದ ಫೈಲಿನಲ್ಲಿ ಇಂಚಿಗೆ 300ಕ್ಕೂ ಹೆಚ್ಚು ಪಿಕ್ಸೆಲ್ ಇದ್ದವು. ದೊಡ್ಡದು ಮಾಡುವ ಕೆಲಸವೇ ಬೀಳಲಿಲ್ಲ. ನಂಬರು 86/3.