ಹಳೇ ಡೆಸ್ಕ್‌ಟಾಪ್ ಮುಂದೆ ಒಂದು ಗಂಟೆ

"ಆಫೀಸ್‌ನಿಂದ ಬಂದ ಡೆಲ್ ಡೆಸ್ಕ್‌ಟಾಪ್ ಅಂತೆ, ಗ್ರಾಫಿಕ್ಸ್ ಕಾರ್ಡ್ ಕೂಡ ಹಾಕಿದ್ದಾರಂತೆ. 24 ಸಾವಿರ ಹೇಳ್ತಿದ್ದಾರೆ. ದುಡ್ಡು ಕೊಡೋ ಮುಂಚೆ ಏನೇನು ನೋಡ್ಬೇಕು ಸಾರ್?"

ಜೇಬಲ್ಲಿ ಒಂದು ಪೆನ್‌ಡ್ರೈವ್ ಇಟ್ಟುಕೊಂಡು ಹೋಗಿ. ಒಳಗೇನಿದೆ ಅಂತ ತಪಾಸಣೆ ಮಾಡುವ ಸಾಫ್ಟ್‌ವೇರ್‌ಗಳು, ಅಂದರೆ CPU-Z, GPU-Z, HWiNFO, CrystalDiskInfo, Cinebench R23 ಅದರಲ್ಲಿರಲಿ. ಇವನ್ನೆಲ್ಲ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಮಾರುವವರು ತೋರಿಸುವ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಒಂದು ಗಂಟೆ ಕೂತು ನೋಡಲು ಬಿಡುವುದಿಲ್ಲ ಅಂದರೆ ಎದ್ದು ಬನ್ನಿ.

ನಮ್ಮ ಅಕ್ಕನ ಮಗನಿಗೆ ಇಂಥದ್ದೇ ಒಂದನ್ನು ನೋಡಲು ಹೋಗಿದ್ದೆ. ಡೆಲ್ ಆಪ್ಟಿಪ್ಲೆಕ್ಸ್ 3060, ಟವರ್ ಡಬ್ಬ. i5-8500 ಪ್ರೊಸೆಸರ್, 16 ಜಿಬಿ ರ‍್ಯಾಮ್, ಜೊತೆಗೆ ಜಿಟಿಎಕ್ಸ್ 1050 ಟಿಐ ಕಾರ್ಡ್ ಅಂದರು.

ಮೊದಲು ನೋಡಿದ್ದು ಸರ್ವಿಸ್ ಟ್ಯಾಗ್. ಡೆಲ್‌ನಲ್ಲಿ ಇದು ಏಳು ಅಕ್ಷರ-ಅಂಕಿಗಳ ಗುರುತು, ಡಬ್ಬದ ಸ್ಟಿಕರ್ ಮೇಲೆ ಇರುತ್ತದೆ. ಆನ್ ಮಾಡುವಾಗ F2 ಒತ್ತಿ ಬಯೋಸ್‌ಗೆ ಹೋದರೆ ಅಲ್ಲೂ ಕಾಣುತ್ತದೆ. ಬಯೋಸ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ನಿಲ್ಲಿ. ವಿಂಡೋಸ್ ಒಳಗೆ ಪವರ್‌ಶೆಲ್ ತೆರೆದು ಇದನ್ನು ಕೊಡಿ:

```
Get-CimInstance Win32_BIOS | Select-Object SerialNumber
```

ಮೂರೂ ಕಡೆ ಒಂದೇ ಬರಬೇಕು. ಸ್ಟಿಕರ್ ಬೇರೆ, ಬಯೋಸ್ ಬೇರೆ ಅಂದರೆ ಒಂದು ಮೆಷಿನ್‌ನ ಡಬ್ಬಕ್ಕೆ ಇನ್ನೊಂದರ ಮದರ್‌ಬೋರ್ಡ್ ಕೂರಿಸಿರುವ ಸಾಧ್ಯತೆ ಜಾಸ್ತಿ. ನಮ್ಮದು ಹೊಂದಿತು. ಆ ಟ್ಯಾಗ್ ಅನ್ನು ಡೆಲ್ ಸಪೋರ್ಟ್ ಸೈಟ್‌ನಲ್ಲಿ ಹಾಕಿದರೆ ಯಾವ ಮಾಡೆಲ್, ಕಾರ್ಖಾನೆಯಿಂದ ಹೊರಟಾಗ ಒಳಗೆ ಏನೇನಿತ್ತು ಅನ್ನುವುದು ಸಿಗುತ್ತದೆ. 3060ಗೆ 8 ಜಿಬಿ, ಒಂದು ಹಾರ್ಡ್ ಡಿಸ್ಕ್ ಅಂತ ಇತ್ತು. ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಆಮೇಲೆ ಹಾಕಿದ್ದು ಮೋಸ ಅಂತ ಅಲ್ಲ, ಆದರೆ ಎಲ್ಲಿ ಜಾಸ್ತಿ ಕಣ್ಣಿಡಬೇಕು ಅಂತ ಗೊತ್ತಾಯಿತು.

ಪ್ರೊಸೆಸರ್ ಹೆಸರನ್ನು ವಿಂಡೋಸ್‌ನ ಸಿಸ್ಟಂ ಪುಟದಲ್ಲಿ ನೋಡಿ ನಂಬಬೇಡಿ. ರಿಜಿಸ್ಟ್ರಿಯಲ್ಲಿ ಒಂದು ಸಾಲು ತಿದ್ದಿದರೆ ಅಲ್ಲಿ ಬೇಕಾದ್ದು ಬರೆಯಬಹುದು. ಬಯೋಸ್ ಮತ್ತು CPU-Z ನೋಡಿ. ಹೆಸರಿನ ಕೊನೆಯ ಅಕ್ಷರವನ್ನೂ ಬಿಡಬೇಡಿ: i5-8500 ಬೇರೆ, i5-8500T ಬೇರೆ. ಎರಡಕ್ಕೂ ಆರು ಕೋರ್, ಆದರೆ T ಬಂದದ್ದು 65 ವ್ಯಾಟ್ ಬದಲು 35 ವ್ಯಾಟ್‌ನದು, ನಿಧಾನ.

ಕಾರ್ಡ್ ವಿಷಯ ಬಂದಾಗ ಮಜಾ ಶುರುವಾಯಿತು. ಡಿವೈಸ್ ಮ್ಯಾನೇಜರ್ 1050 ಟಿಐ ಅಂತಲೇ ತೋರಿಸುತ್ತಿತ್ತು. ಆದರೆ ಹಿಂದೆ ವಿಜಿಎ ಪೋರ್ಟ್ ಇತ್ತು, ಆ ನೀಲಿ ಬಣ್ಣದ ಹಳೇದು. 1050 ಟಿಐ ಚಿಪ್‌ಗೆ ಅನಲಾಗ್ ಔಟ್‌ಪುಟ್ಟೇ ಇಲ್ಲ. ಅಲ್ಲೇ ಅನುಮಾನ ಬಂತು. GPU-Z ತೆರೆದರೆ ಹೆಸರಿನ ಮುಂದೆ [FAKE] ಅಂತ ಬಂತು. GPU ಸಾಲಿನಲ್ಲಿ GP107 ಇರಬೇಕಿತ್ತು, ಇದ್ದದ್ದು GF116. ಅಂದರೆ 2011ರ ಜಿಟಿಎಕ್ಸ್ 550 ಟಿಐ ಚಿಪ್. ಕಾರ್ಡ್‌ನ ಬಯೋಸ್ ತಿದ್ದಿ ಹೊಸ ಹೆಸರಿಟ್ಟಿದ್ದರು. ಹೆಸರು ಬದಲಾದರೂ ಚಿಪ್ ಬದಲಾಗಲ್ಲ ಅಲ್ವಾ? ಅಸಲಿಯಲ್ಲಿ 768 ಕೋರ್, ಇದರಲ್ಲಿ 192. "ಡ್ರೈವರ್ ಮಾತ್ರ ಅಪ್‌ಡೇಟ್ ಮಾಡಬೇಡಿ" ಅಂತ ಮಾರುವವರು ಯಾಕೆ ಹೇಳಿದ್ದರು ಅನ್ನುವುದೂ ಆಗ ಅರ್ಥವಾಯಿತು. ಎನ್‌ವಿಡಿಯಾ ಆ ತಲೆಮಾರಿನ ಚಿಪ್‌ಗಳಿಗೆ ಹೊಸ ಡ್ರೈವರ್ ಕೊಡುವುದನ್ನು 2018ರಲ್ಲೇ ನಿಲ್ಲಿಸಿತ್ತು, ಹೊಸದು ಹಾಕಿದರೆ ಈ ಕಾರ್ಡ್ ಓಡುತ್ತಿರಲಿಲ್ಲ.

ಕೊನೆಗೆ ಬೆಂಚ್‌ಮಾರ್ಕ್. ಇದನ್ನು ನಾನು ಸ್ಕೋರ್‌ಗಾಗಿ ಓಡಿಸುವುದಿಲ್ಲ. Cinebench R23ರ ಮಲ್ಟಿ ಕೋರ್ ಟೆಸ್ಟ್ ಹತ್ತು ನಿಮಿಷ ಓಡುತ್ತದೆ. ಪಕ್ಕದಲ್ಲಿ HWiNFO ತೆರೆದು ಕ್ಲಾಕ್ ಮತ್ತು ಬಿಸಿ ನೋಡುತ್ತಿರಿ. ಒಂದೇ ನಿಮಿಷ ಓಡಿಸಿ ನಿಲ್ಲಿಸಿದರೆ ಎಲ್ಲ ಮೆಷಿನ್ನೂ ಚೆನ್ನಾಗೇ ಕಾಣುತ್ತದೆ. i5-8500 ಆರೂ ಕೋರ್ ದುಡಿಯುವಾಗ 3.9 ಗಿಗಾಹರ್ಟ್ಸ್ ಆಸುಪಾಸು ಹೋಗಬಲ್ಲದು, 3.0 ಅದರ ಬೇಸ್, ಅಂದರೆ ಕನಿಷ್ಠ ಖಾತರಿಯ ವೇಗ. ನಮ್ಮದು ಮೂರನೇ ನಿಮಿಷಕ್ಕೆ 99 ಡಿಗ್ರಿ ಮುಟ್ಟಿ 2.6ಕ್ಕೆ ಇಳಿಯಿತು. ಬೇಸ್‌ಗಿಂತ ಕೆಳಗೆ ಇಳಿದರೆ ತಣಿಸುವ ವ್ಯವಸ್ಥೆ ಕೆಟ್ಟಿದೆ ಅಂತಲೇ ಲೆಕ್ಕ. ಮುಚ್ಚಳ ತೆಗೆಸಿದೆವು. ಫ್ಯಾನ್ ತುಂಬ ಧೂಳು, ಥರ್ಮಲ್ ಪೇಸ್ಟ್ ಒಣಗಿ ಪುಡಿಪುಡಿ. ಒರೆಸಿ ಹೊಸ ಪೇಸ್ಟ್ ಹಚ್ಚಿ ಮತ್ತೆ ಓಡಿಸಿದಾಗ 3.8ರಲ್ಲಿ ನಿಂತಿತು. ಇದು ರಿಪೇರಿಯಾಗುವ ತೊಂದರೆ, ಕಾರ್ಡ್‌ನದು ಅಲ್ಲ.

ಡಿಸ್ಕ್ ನೋಡಲು CrystalDiskInfo, ಎರಡು ನಿಮಿಷದ ಕೆಲಸ. Good ಇದೆಯಾ, ಎಷ್ಟು ಗಂಟೆ ಓಡಿದೆ ನೋಡಿ, ಸಾಕು. ಡಿಸ್ಕ್ ಹೋದರೆ ಬೇರೆ ಹಾಕಬಹುದು.

ಇನ್ನೊಂದು ಮಾತು, ಇದನ್ನು ಯಾರೂ ನೋಡಲ್ಲ. ವಿಂಡೋಸ್ ಹೊಸದಾಗಿ ಹಾಕಿ ಇಂಟರ್‌ನೆಟ್‌ಗೆ ಸೇರಿಸಿದಾಗ ಯಾವುದೋ ಕಂಪನಿಯ ಲಾಗಿನ್ ಕೇಳಿದರೆ, ಆ ಮೆಷಿನ್ ಇನ್ನೂ ಅವರ ಪಟ್ಟಿಯಲ್ಲಿದೆ. ಫಾರ್ಮ್ಯಾಟ್ ಮಾಡಿದರೂ ಅದು ಹೋಗುವುದಿಲ್ಲ. ಕಂಪನಿಯವರೇ ತೆಗೆಸಬೇಕು. ಹಳೇ ಬಿಲ್ಲಿನ ಕಾಪಿ ಕೇಳುವುದು ಇದಕ್ಕೇ.

ಆ ಮೆಷಿನ್ ತಗೊಂಡೆವು, ಕಾರ್ಡ್ ಬಿಚ್ಚಿಸಿ, 17 ಸಾವಿರಕ್ಕೆ. ಬಿಲ್ಲಿನಲ್ಲಿ ಸರ್ವಿಸ್ ಟ್ಯಾಗ್ ಬರೆಸಿಕೊಂಡೆ. ಅವರಿಗೆ ಸ್ವಲ್ಪ ಮುಖ ಸಣ್ಣಗಾಯಿತು, ಆದರೂ ಬರೆದುಕೊಟ್ಟರು.