ಒಂದೇ ನೀಲಿ ಉಡುಪು, ಬದಲಾಗುವ ಬೆಲ್ಟು: ಆರನೆಯ ವಾರದ ದಾಖಲೆ

ಕಡುನೀಲಿ ಖಾದಿಯಲ್ಲಿ ನಾನೇ ಹೊಲಿದುಕೊಂಡ ಸಾದಾ ಶರ್ಟ್ ಡ್ರೆಸ್ ಒಂದನ್ನೇ ಇಟ್ಟುಕೊಂಡು, ಅದರ ಜೊತೆಗೆ ಬೆಲ್ಟು, ಸ್ಕಾರ್ಫು, ಟೋಪಿ, ಚೀಲಗಳನ್ನು ಒಂದೊಂದಾಗಿ ಬದಲಿಸಿದರೆ ನೋಡುವವರಿಗೆ ಆ ಉಡುಪು ಹೇಗೆ ಬೇರೆಯಾಗಿ ತೋರುತ್ತದೆ ಎಂಬುದನ್ನು ದಾಖಲಿಸಲು ಹೊರಟು ಇಂದಿಗೆ ಆರು ವಾರಗಳಾದವು. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಗೋಡೆಯ ಮುಂದೆ, ಮೂರು ಮೀಟರ್ ದೂರದಿಂದ, ಕ್ಯಾಮೆರಾವನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಿ ಚಿತ್ರ ತೆಗೆಯುತ್ತೇನೆ. ಕ್ಯಾಮೆರಾ ಮೇಲಿದ್ದರೆ ಕಾಲುಗಳು ಗಿಡ್ಡವಾಗಿ ಕಾಣುವುದರಿಂದ ಈ ಎತ್ತರವನ್ನು ಒಮ್ಮೆಯೂ ಬದಲಿಸಿಲ್ಲ. ನಂತರ ಚಿತ್ರವನ್ನು ಅಮ್ಮನಿಗೆ, ತಮ್ಮನಿಗೆ ಮತ್ತು ಪಕ್ಕದ ಮನೆಯ ಅಕ್ಕನಿಗೆ ಬೇರೆ ಬೇರೆಯಾಗಿ ತೋರಿಸಿ, “ಇವಳು ಎಲ್ಲಿಗೆ ಹೊರಟ ಹಾಗಿದೆ?” ಎಂದಷ್ಟೇ ಕೇಳುತ್ತೇನೆ. ಚೆನ್ನಾಗಿದೆಯೇ ಎಂದು ಕೇಳಿದಾಗ ಸಿಗದ ಖಚಿತ ಉತ್ತರ ಈ ಪ್ರಶ್ನೆಗೆ ಸಿಗುತ್ತದೆ.

ಮೊದಲ ಮೂರು ವಾರಗಳನ್ನು ಬೆಲ್ಟಿಗೇ ಕೊಟ್ಟೆ. ಹೆಗಲಿನಿಂದ ಕೆಳಗಿನ ಅಂಚಿನವರೆಗೆ ಡ್ರೆಸ್ಸಿನ ಉದ್ದ 96 ಸೆಂಟಿಮೀಟರ್. ನನ್ನ ಸೊಂಟ ಹೆಗಲಿನಿಂದ 38 ಸೆಂಟಿಮೀಟರ್ ಕೆಳಗಿದೆ. ಅಲ್ಲಿ ಮೂರು ಸೆಂಟಿಮೀಟರ್ ಅಗಲದ ಕಂದು ಚರ್ಮದ ಬೆಲ್ಟು ಕಟ್ಟಿದಾಗ ಮೇಲಿನ ಭಾಗ ಎರಡು ಪಾಲು, ಕೆಳಗಿನದು ಮೂರು ಪಾಲು ಆಗುತ್ತದೆ. ಬೆಲ್ಟಿಲ್ಲದ ಚಿತ್ರಕ್ಕೆ “ಮನೆಯಲ್ಲೇ ಇದ್ದಾಳೆ” ಎಂದಿದ್ದ ಮೂವರೂ ಈ ಚಿತ್ರಕ್ಕೆ “ಆಫೀಸಿಗೆ” ಎಂದರು. ಅದೇ ಬೆಲ್ಟನ್ನು ಹತ್ತು ಸೆಂಟಿಮೀಟರ್ ಕೆಳಗಿಳಿಸಿ ಸಡಿಲವಾಗಿ ಕಟ್ಟಿದಾಗ ಉಡುಪು ಸರಿಯಾಗಿ ಅರ್ಧಕ್ಕೆ ತುಂಡಾಯಿತು. ನಾನು ಕುಳ್ಳಗೆ ಕಂಡೆ, ಆದರೆ ಉಡುಪಿಗೆ ಬೇರೊಂದು ಕಾಲದ ಛಾಯೆ ಬಂತು. 1920ರ ದಶಕದ ಪಾಶ್ಚಾತ್ಯ ಉಡುಪುಗಳಲ್ಲಿ ಸೊಂಟದ ಗೆರೆ ಹೀಗೆಯೇ ಪೃಷ್ಠದ ಕಡೆಗೆ ಇಳಿದಿತ್ತು. ಆ ಕಾಲದ ಛಾಯಾಚಿತ್ರಗಳನ್ನು ನೋಡಿದವರಿಗೆ ಈ ಗೆರೆಯೊಂದೇ ಸಾಕು, ಬಟ್ಟೆ ಖಾದಿಯಾದರೂ ಅದೇ ನೆನಪಾಗುತ್ತದೆ. ಅಕ್ಕ ಮಾತ್ರ, “ಬೆಲ್ಟು ಜಾರಿದೆ, ಸರಿಮಾಡಿಕೋ” ಎಂದರು. ಅವರ ಮಾತನ್ನು ನಾನು ಗಂಭೀರವಾಗಿ ಬರೆದುಕೊಂಡಿದ್ದೇನೆ, ಏಕೆಂದರೆ ಆ ಶೈಲಿಯನ್ನು ಹಿಂದೆ ಕಂಡಿರದ ಕಣ್ಣಿಗೆ ಅದು ಶೈಲಿಯಾಗಿ ಅಲ್ಲ, ತಪ್ಪಾಗಿಯೇ ಕಾಣುತ್ತದೆ.

ಅಗಲ, ಎತ್ತರಗಳಷ್ಟೇ ಬಣ್ಣವೂ ಮುಖ್ಯ. ಅದೇ ನೀಲಿ ಬಟ್ಟೆಯಲ್ಲಿ ಹೊಲಿದ ಪಟ್ಟಿ ಸೊಂಟವನ್ನು ತೋರಿಸಿತೇ ಹೊರತು ಉಡುಪನ್ನು ತುಂಡರಿಸಲಿಲ್ಲ, ಆದ್ದರಿಂದ ನಾನು ಎತ್ತರವಾಗಿ ಕಂಡೆ. ಇದಾದ ಮೇಲೆ ಗುಳೇದಗುಡ್ಡದ ಖಣದ ತುಂಡಿನಿಂದ ಐದು ಸೆಂಟಿಮೀಟರ್ ಅಗಲದ ಬೆಲ್ಟು ಹೊಲಿದೆ. ಮೊದಲ ಪ್ರಯತ್ನದಲ್ಲಿ ಒಳಗೆ ಏನನ್ನೂ ಇಡದೆ ಬಟ್ಟೆಯನ್ನಷ್ಟೇ ಮಡಚಿ ಹೊಲಿದಿದ್ದರಿಂದ, ಒಮ್ಮೆ ಕುಳಿತು ಏಳುವಷ್ಟರಲ್ಲಿ ಅದು ಸುರುಳಿಗಟ್ಟಿ ಹಗ್ಗದಂತಾಯಿತು. ಎರಡನೆಯ ಸಲ ಒಳಗೆ ಬಕ್ರಮ್ ಇಟ್ಟು, ಖಣದ ಚಿಕ್ಕ ಬುಟ್ಟಾಗಳ ಸಾಲು ಪಟ್ಟಿಯ ನಟ್ಟನಡುವೆ ಬರುವಂತೆ ಗುರುತು ಹಾಕಿ ಕತ್ತರಿಸಿದೆ. ಸಾಲು ಅರ್ಧ ಬೆರಳು ಓರೆಯಾದರೂ ಸೊಂಟವೇ ಓರೆಯಾದಂತೆ ಕಾಣುತ್ತದೆ. ಈ ಬೆಲ್ಟಿನ ಚಿತ್ರ ನೋಡಿದ ಅಮ್ಮ, “ಅರಿಶಿನ ಕುಂಕುಮಕ್ಕೆ ಹೊರಟಿದ್ದೀಯಾ?” ಎಂದು ಕೇಳಿದರು. ಖಣವೆಂದರೆ ಕುಪ್ಪಸ, ಕುಪ್ಪಸವೆಂದರೆ ಹಬ್ಬ ಎಂಬ ಅಭ್ಯಾಸ ಐದು ಸೆಂಟಿಮೀಟರ್ ಪಟ್ಟಿಯಲ್ಲೂ ಕೆಲಸ ಮಾಡಿತು.

ತೊಂದರೆಯೊಂದು ಚಿತ್ರದಲ್ಲಿ ಕಾಣದೆ ನಡೆದಾಡುವಾಗ ಮಾತ್ರ ಕಂಡಿತು. ಕೈ ಎತ್ತಿದಾಗ ಬೆಲ್ಟು ಮೇಲೇರಿ, ಬೆನ್ನಿನ ಬಟ್ಟೆ ಬೆಲ್ಟಿನ ಮೇಲೆ ಉಬ್ಬಿ ನಿಂತು, ಹಿಂದಿನ ಅಂಚು ಮುಂದಿನದಕ್ಕಿಂತ ಎರಡು ಬೆರಳು ಮೇಲೆ ಹೋಗುತ್ತಿತ್ತು. ಎರಡೂ ಪಕ್ಕದ ಹೊಲಿಗೆಯ ಮೇಲೆ ಬೆಲ್ಟಿನ ಅಗಲಕ್ಕಿಂತ ಒಂದು ಸೆಂಟಿಮೀಟರ್ ಉದ್ದನೆಯ ದಾರದ ಕುಣಿಕೆಗಳನ್ನು ಹಾಕಿ, ಕಟ್ಟುವ ಮೊದಲು ಹೆಚ್ಚಿನ ಬಟ್ಟೆಯನ್ನು ಪಕ್ಕಗಳಿಂದ ಹಿಂದಕ್ಕೆ ಸಣ್ಣ ಮಡಿಕೆಗಳಾಗಿ ಸರಿಸಿದಾಗ ಉಬ್ಬು ಬಹುಮಟ್ಟಿಗೆ ತಗ್ಗಿತು, ಅಂಚೂ ಸಮವಾಯಿತು.

ನಾಲ್ಕನೆಯ ವಾರದ ಸ್ಕಾರ್ಫು ನನ್ನ ನಿರೀಕ್ಷೆಯನ್ನೇ ತಲೆಕೆಳಗು ಮಾಡಿತು. ಎರಡು ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಹತ್ತಿಯ ಸ್ಟೋಲನ್ನು ಎದೆಯ ಮೇಲೆ ಹಾಯಿಸಿ ಎರಡೂ ತುದಿಗಳನ್ನು ಹಿಂದಕ್ಕೆ ಬಿಟ್ಟಾಗ ಕಾಲರೂ ಗುಂಡಿಗಳೂ ಮರೆಯಾಗಿ, ಡ್ರೆಸ್ಸು ಡ್ರೆಸ್ಸಾಗಿ ಉಳಿಯಲಿಲ್ಲ. ಅದು ದುಪಟ್ಟಾ ಹಾಕಿದ ಕುರ್ತಾ ಆಯಿತು. “ಪ್ಯಾಂಟು ಎಲ್ಲಿ?” ಎಂದು ತಮ್ಮ ಕೇಳಿದ್ದು ಅದಕ್ಕಾಗಿಯೇ. ಅದೇ ಸ್ಟೋಲನ್ನು ಉದ್ದಕ್ಕೆ ಮಡಚಿ ಒಂದೇ ಹೆಗಲ ಮೇಲೆ ಹಾಕಿದರೆ ಸಂಗೀತ ಕಚೇರಿ. ಚೌಕನೆಯ ರೇಷ್ಮೆ ಸ್ಕಾರ್ಫನ್ನು ಕತ್ತಿನ ಪಕ್ಕಕ್ಕೆ ಗಂಟು ಹಾಕಿದರೆ ವಿಮಾನದ ಗಗನಸಖಿ. ಬಟ್ಟೆಗಿಂತ ಹೆಚ್ಚಾಗಿ ಅದನ್ನು ಹಾಕುವ ರೀತಿ ಇಲ್ಲಿ ಮಾತನಾಡುತ್ತದೆ. ನಮ್ಮ ರಾಜ್ಯದಲ್ಲಿ ಬಣ್ಣವೂ ಮಾತನಾಡುತ್ತದೆ ಎಂಬುದು ಹಸಿರು ಸ್ಟೋಲನ್ನು ಹೆಗಲಿಗೆ ಹಾಕಿದ ದಿನ ತಿಳಿಯಿತು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘದ ಗುರುತಾಗಿ ಹಸಿರು ಶಾಲು ಎಷ್ಟು ಆಳವಾಗಿ ನಿಂತಿದೆಯೆಂದರೆ, ಮೂವರಲ್ಲಿ ಇಬ್ಬರು “ರೈತರ ಸಭೆಗೆ” ಎಂದರು. ಹೋರಾಟದಿಂದ ಅರ್ಥ ಪಡೆದ ಬಣ್ಣವನ್ನು ಬರಿಯ ಅಲಂಕಾರಕ್ಕೆ ಬಳಸಲು ಮನಸ್ಸಾಗದೆ ಆ ಸ್ಟೋಲನ್ನು ಪಟ್ಟಿಯಿಂದ ತೆಗೆದೆ.

ಟೋಪಿಯ ವಿಷಯ ಬೇಗ ಮುಗಿಯಿತು. ಅಗಲ ಅಂಚಿನ ಹುಲ್ಲಿನ ಟೋಪಿ ಇಟ್ಟ ಎಲ್ಲ ಚಿತ್ರಗಳಿಗೂ, ಬೆಲ್ಟು ಯಾವುದೇ ಇರಲಿ, “ಗೋಕರ್ಣಕ್ಕೆ” ಅಥವಾ “ಟ್ರಿಪ್ಪಿಗೆ” ಎಂಬ ಉತ್ತರವೇ ಬಂತು. ದಿನನಿತ್ಯ ಟೋಪಿ ಹಾಕುವ ರೂಢಿ ನಮ್ಮ ಊರಿನ ಹೆಂಗಸರಲ್ಲಿ ಇಲ್ಲದ್ದರಿಂದ ಅದು ಉಳಿದೆಲ್ಲವನ್ನೂ ಮರೆಸಿಬಿಡುತ್ತದೆ.

ಕಳೆದೆರಡು ವಾರಗಳ ಕೆಲಸ ಚೀಲದ್ದು. ಇಲ್ಲಿ ನಿರ್ದಿಷ್ಟ ಅಗತ್ಯವೊಂದಿತ್ತು: ಬೆಳಿಗ್ಗೆ ಕಚೇರಿಗೆ, ಅಲ್ಲಿಂದ ನೇರವಾಗಿ ಸಂಜೆಯ ಪುಸ್ತಕ ಬಿಡುಗಡೆಗೆ ಹೋಗಬೇಕಿತ್ತು. ಕಂದು ಬೆಲ್ಟಿಗೆ ಆಕಾರ ಬಿಗಿಯಾಗಿರುವ, ಕೈಯಲ್ಲಿ ಹಿಡಿಯುವ ಚರ್ಮದ ಚೀಲ ಸೇರಿದಾಗ “ಬ್ಯಾಂಕ್ ಕೆಲಸ” ಎಂಬ ಉತ್ತರ ಬಂದಿತ್ತು. ಬೆಲ್ಟನ್ನು ಹಾಗೆಯೇ ಉಳಿಸಿ, ಸಂಡೂರಿನ ಲಂಬಾಣಿ ಕಸೂತಿಯ, ಕನ್ನಡಿ ಹೊಲಿದ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿದೆ. ಮೊದಲು ಪಟ್ಟಿಯನ್ನು ಎದೆಗೆ ಅಡ್ಡವಾಗಿ ಹಾಕಿದ್ದರಿಂದ ಅದು ಬೆಲ್ಟನ್ನು ಓರೆಯಾಗಿ ಕತ್ತರಿಸಿತು, ತುಂಬಿದ ಚೀಲವೂ ಪೃಷ್ಠದ ಮೇಲೇ ಕುಳಿತು ದೇಹದ ಅಗಲವನ್ನು ಹೆಚ್ಚಿಸಿತು. ಅಲ್ಲಿ ಕಣ್ಣಿಗೆ ವಿಶ್ರಾಂತಿಯೇ ಇರಲಿಲ್ಲ. ಪಟ್ಟಿಗೆ ಗಂಟು ಹಾಕಿ ಚೀಲವನ್ನು ಸೊಂಟಕ್ಕಿಂತ ತುಸು ಮೇಲಕ್ಕೆ, ಒಂದೇ ಹೆಗಲಿಗೆ ತಂದಾಗ ಗೊಂದಲ ಹೋಯಿತು. “ಕಾಲೇಜ್ ಮೇಡಂ, ಏನೋ ಕಾರ್ಯಕ್ರಮಕ್ಕೆ ಹೊರಟಿದ್ದಾರೆ” ಎಂದರು ಅಕ್ಕ. ಬೆಲ್ಟು ಕಚೇರಿಯ ಶಿಸ್ತನ್ನು ಹಿಡಿದುಕೊಂಡಿತ್ತು, ಚೀಲ ಸಂಜೆಯನ್ನು ಸೇರಿಸಿತ್ತು; ನನಗೆ ಬೇಕಾಗಿದ್ದುದೂ ಅದೇ. ಹಗಲು ಚರ್ಮದ ಚೀಲದೊಳಗೆ ಮಡಚಿಟ್ಟಿದ್ದ ಲಂಬಾಣಿ ಚೀಲವನ್ನು ಸಂಜೆ ಹೊರತೆಗೆದು, ಚರ್ಮದ ಚೀಲವನ್ನು ಕಚೇರಿಯಲ್ಲೇ ಬಿಟ್ಟು ಹೋದೆ.

ಖಣದ ಬೆಲ್ಟನ್ನೂ ಲಂಬಾಣಿ ಚೀಲವನ್ನೂ ಒಟ್ಟಿಗೆ ತೊಟ್ಟ ಚಿತ್ರ ಮಾತ್ರ ನನಗೆ ಹಿಡಿಸಲಿಲ್ಲ. ಎರಡರಲ್ಲೂ ಚಿಕ್ಕ ಚಿಕ್ಕ ವಿನ್ಯಾಸಗಳು ಕಿಕ್ಕಿರಿದಿರುವುದರಿಂದ ಯಾವುದರ ಕೆಲಸವೂ ಕಾಣದೆ, ಉಡುಪು ಕರಕುಶಲ ಮೇಳದ ಮಳಿಗೆಯಂತಾಯಿತು. ಮುಂದಿನ ಭಾನುವಾರ ಖಣದ ಬೆಲ್ಟಿಗೆ ಸಾದಾ ಕಪ್ಪು ಬಟ್ಟೆಯ ಚೀಲವನ್ನು ಜೋಡಿಸಿ ನೋಡುತ್ತೇನೆ. ಬೆಲ್ಟಿನ ಬಕಲನ್ನು ಹಿತ್ತಾಳೆಯಿಂದ ಬಿಳಿ ಲೋಹಕ್ಕೆ ಬದಲಿಸುವ ಕೆಲಸವೂ ಬಾಕಿಯಿದೆ.